ವಿಎಆರ್ ಲೆಕ್ಕಕ್ಕೆ ಯಾವ ದಾರಿ? ನಾರ್ಮಲ್ ಸೂತ್ರ ಎಲ್ಲಿ ಸಾಕು, ಎಲ್ಲಿ ಕೈಕೊಡುತ್ತದೆ

ಒಂದು ಕೋಟಿ ರೂಪಾಯಿಯ ಪೋರ್ಟ್‌ಫೋಲಿಯೊ ಇದೆ ಎಂದುಕೊಳ್ಳೋಣ. ಅದರಲ್ಲಿ 60 ಲಕ್ಷ ನಿಫ್ಟಿ ಇಟಿಎಫ್‌ನಲ್ಲಿದೆ, 40 ಲಕ್ಷ ಚಿನ್ನದ ಇಟಿಎಫ್‌ನಲ್ಲಿದೆ. ನಾಳೆ ಒಂದೇ ದಿನದಲ್ಲಿ ಎಷ್ಟು ನಷ್ಟವಾಗಬಹುದು? 'ಎಷ್ಟು ಬೇಕಾದರೂ ಆಗಬಹುದು' ಎಂಬುದು ನಿಜವಾದ ಉತ್ತರವೇ ಆದರೂ ಕೆಲಸಕ್ಕೆ ಬರುವುದಿಲ್ಲ. ವ್ಯಾಲ್ಯೂ ಅಟ್ ರಿಸ್ಕ್, ಅಂದರೆ ವಿಎಆರ್, ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳುತ್ತದೆ: ನೂರು ದಿನಗಳಲ್ಲಿ ತೊಂಬತ್ತೊಂಬತ್ತು ದಿನ ನಷ್ಟ ಯಾವ ಮೊತ್ತವನ್ನು ದಾಟುವುದಿಲ್ಲ? ಆ ಮೊತ್ತವೇ ಶೇ 99ರ ಒಂದು ದಿನದ ವಿಎಆರ್. ಉಳಿದ ಆ ಒಂದು ದಿನ ಏನಾಗುತ್ತದೆ ಎಂಬ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಇದನ್ನು ಮೊದಲೇ ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಈ ಮೊತ್ತವನ್ನು ಕಂಡುಹಿಡಿಯಲು ಬಳಕೆಯಲ್ಲಿರುವ ದಾರಿಗಳು ಮೂರು. ಪ್ರತಿಫಲಗಳು ಗಂಟೆಯಾಕಾರದ ನಾರ್ಮಲ್ ವಿತರಣೆಯಂತೆ ನಡೆಯುತ್ತವೆ ಎಂದು ಒಪ್ಪಿಕೊಂಡು ಸೂತ್ರದಿಂದ ತೆಗೆಯುವುದು ಪ್ಯಾರಾಮೆಟ್ರಿಕ್ ವಿಧಾನ. ಹಿಂದಿನ ದಿನಗಳ ಏರಿಳಿತವನ್ನೇ ಇಂದಿನ ಪೋರ್ಟ್‌ಫೋಲಿಯೊ ಮೇಲೆ ಹಾಯಿಸಿ ನೋಡುವುದು ಐತಿಹಾಸಿಕ ವಿಧಾನ. ಕಂಪ್ಯೂಟರ್‌ನಲ್ಲಿ ಸಾವಿರಾರು ಕಾಲ್ಪನಿಕ ನಾಳೆಗಳನ್ನು ಹುಟ್ಟಿಸಿ ಎಣಿಸುವುದು ಮಾಂಟೆ ಕಾರ್ಲೊ. ಮೂರನ್ನೂ ಮೆಟ್ಟಿಲುಗಳೆಂದು ಭಾವಿಸಿ, ಸೂತ್ರ ಕಲಿಯುವವರಿಗೆ, ಮಾಂಟೆ ಕಾರ್ಲೊ ಬಲ್ಲವರಿಗೆ ಎಂದು ಹೇಳುವುದನ್ನು ಆಗಾಗ ಕೇಳುತ್ತೇನೆ. ಅದು ತಪ್ಪು ಗ್ರಹಿಕೆ. ಪೋರ್ಟ್‌ಫೋಲಿಯೊದಲ್ಲಿ ಏನಿದೆ ಎಂಬುದೇ ದಾರಿಯನ್ನು ತೀರ್ಮಾನಿಸಬೇಕು. ಅದಕ್ಕೆ ಸೂತ್ರ ನಿಖರವಾಗಿ ಎಲ್ಲೆಲ್ಲಿ ಮುರಿಯುತ್ತದೆ ಎಂದು ಗೊತ್ತಿರಬೇಕು.

ಸೂತ್ರವನ್ನು ಒಮ್ಮೆ ಕೈಯಾರೆ ಮಾಡೋಣ

ನಿಫ್ಟಿಯ ದೈನಂದಿನ ಮಾನಕ ವಿಚಲನೆ, ಅಂದರೆ ಸಿಗ್ಮಾ, ಶೇ 1.0, ಚಿನ್ನದ್ದು ಶೇ 0.8, ಎರಡರ ನಡುವಿನ ಸಹಸಂಬಂಧ 0.1 ಎಂದು ಹಿಡಿಯೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಆದರೆ ಮಾರುಕಟ್ಟೆ ಶಾಂತವಾಗಿರುವ ಕಾಲಕ್ಕೆ ತೀರಾ ದೂರದವಲ್ಲ.

ರೂಪಾಯಿಗೆ ತಿರುಗಿಸಿದರೆ ನಿಫ್ಟಿ ಭಾಗದ ಒಂದು ಸಿಗ್ಮಾ 60,000 ರೂಪಾಯಿ, ಚಿನ್ನದ ಭಾಗದ್ದು 32,000 ರೂಪಾಯಿ. ಇವನ್ನು ನೇರವಾಗಿ ಕೂಡುವಂತಿಲ್ಲ, ಏಕೆಂದರೆ ಎರಡೂ ಒಂದೇ ದಿನ ಒಂದೇ ದಿಕ್ಕಿಗೆ ಹೋಗಬೇಕೆಂದಿಲ್ಲ. ವರ್ಗಗಳನ್ನು ಕೂಡಿ, ಸಹಸಂಬಂಧದ ಪದವನ್ನು ಸೇರಿಸಿ, ವರ್ಗಮೂಲ ತೆಗೆಯಬೇಕು:

σ = √(60000² + 32000² + 2 × 0.1 × 60000 × 32000) ≈ 70,767

ಶೇ 99ಕ್ಕೆ ನಾರ್ಮಲ್ ವಿತರಣೆಯ ಗುಣಕ 2.326. ಗುಣಿಸಿದರೆ 1,64,600 ರೂಪಾಯಿ. ಸರಾಸರಿ ಪ್ರತಿಫಲವನ್ನು ಸೊನ್ನೆ ಎಂದು ಬಿಟ್ಟಿದ್ದೇವೆ. ಒಂದು ದಿನದ ಅವಧಿಗೆ ಅದು ಸಿಗ್ಮಾದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಶೇ 95ರ ಮಟ್ಟ ಸಾಕೆಂದರೆ ಗುಣಕ 1.645, ಮೊತ್ತ ಸುಮಾರು 1,16,400.

ಎರಡರ ಬದಲು ಇಪ್ಪತ್ತು ಷೇರುಗಳಿದ್ದರೂ ಕೆಲಸ ಇಷ್ಟೇ:

```python
import numpy as np
v = np.array([60e5, 40e5])        # ಹೂಡಿಕೆ, ರೂಪಾಯಿಯಲ್ಲಿ
s = np.array([0.010, 0.008])      # ದಿನದ ಸಿಗ್ಮಾ
R = np.array([[1, 0.1], [0.1, 1]])
x = v * s
print(2.326 * np.sqrt(x @ R @ x)) # ಸುಮಾರು 1.65 ಲಕ್ಷ
```

ಎರಡೂ ಭಾಗಗಳ ವಿಎಆರ್‌ಗಳನ್ನು ಬೇರೆಬೇರೆಯಾಗಿ ತೆಗೆದು ಕೂಡಿದ್ದರೆ 2,14,000 ಬರುತ್ತಿತ್ತು. ಕಡಿಮೆಯಾದ ಸುಮಾರು 49,000 ರೂಪಾಯಿ ವೈವಿಧ್ಯದಿಂದ ಸಿಕ್ಕ ಲಾಭ. ಸೂತ್ರದ ದೊಡ್ಡ ಗುಣ ಇಲ್ಲೇ ಇದೆ: ಅಪಾಯ ಎಲ್ಲಿಂದ ಬರುತ್ತಿದೆ, ಯಾವ ಭಾಗವನ್ನು ಕಡಿಮೆ ಮಾಡಿದರೆ ಎಷ್ಟು ಇಳಿಯುತ್ತದೆ ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ. ಜೆ.ಪಿ. ಮೋರ್ಗನ್ 1994ರಲ್ಲಿ ರಿಸ್ಕ್‌ಮೆಟ್ರಿಕ್ಸ್ ಹೆಸರಿನಲ್ಲಿ ಈ ವಿಧಾನವನ್ನು ಎಲ್ಲರಿಗೂ ಬಿಚ್ಚಿಟ್ಟಾಗ ಅದು ಬೇಗ ಹರಡಿದ್ದಕ್ಕೆ ಈ ಸರಳತೆಯೂ ಕಾರಣ.

ಇನ್ನೊಂದು ಗುಣದ ಬಗ್ಗೆ ಹೆಚ್ಚು ಮಾತು ನಡೆಯುವುದಿಲ್ಲ. 500 ದಿನಗಳ ಐತಿಹಾಸಿಕ ವಿಧಾನದಲ್ಲಿ ಶೇ 99ರ ವಿಎಆರ್ ಎಂದರೆ ಸರಿಸುಮಾರು ಐದನೆಯ ಕೆಟ್ಟ ದಿನದ ನಷ್ಟ. ಐದಾರು ದಿನಗಳು ಇಡೀ ಉತ್ತರವನ್ನು ನಿರ್ಧರಿಸುತ್ತವೆ, ಉಳಿದ 490ಕ್ಕೂ ಹೆಚ್ಚು ದಿನಗಳು ಸುಮ್ಮನೆ ಕುಳಿತಿರುತ್ತವೆ. ಸೂತ್ರದಲ್ಲಿ ಹಾಗಲ್ಲ, ಸಿಗ್ಮಾವನ್ನು ಅಳೆಯಲು ಪ್ರತಿಯೊಂದು ದಿನವೂ ದುಡಿಯುತ್ತದೆ. ಹಾಗಾಗಿ ಊಹೆಗಳು ಸರಿಯಾಗಿರುವ ಕಡೆ ಸೂತ್ರದ ಉತ್ತರ ಕಡಿಮೆ ತೂಗಾಡುತ್ತದೆ. ಊಹೆಗಳು ಸರಿಯಿಲ್ಲದ ಕಡೆ ಅದೇ ಸ್ಥಿರತೆ ಸುಳ್ಳು ಧೈರ್ಯ ಕೊಡುತ್ತದೆ.

ಮೊದಲ ದೋಷ ನಾರ್ಮಲ್‌ನದ್ದಲ್ಲ, ಹಳೆಯ ಸಿಗ್ಮಾದ್ದು

ವಿಎಆರ್ ಮುಗ್ಗರಿಸಿದಾಗ ಎಲ್ಲರೂ ಮೊದಲು ದೂರುವುದು ಗಂಟೆಯಾಕಾರದ ವಕ್ರವನ್ನು. ನನ್ನ ಮಟ್ಟಿಗೆ ಮೊದಲು ವಿಚಾರಿಸಬೇಕಾದದ್ದು ಸಿಗ್ಮಾವನ್ನು. ಇದನ್ನು ತೋರಿಸಲು 2024ರ ಜೂನ್ ಮೊದಲ ವಾರಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಮಾರುಕಟ್ಟೆಯಲ್ಲಿ ಕಡಿಮೆ.

ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದ ಮೇಲೆ, ಜೂನ್ 3ರ ಸೋಮವಾರ ನಿಫ್ಟಿ ಶೇ 3.25ರಷ್ಟು ಏರಿತು. ಮರುದಿನ ನಿಜವಾದ ಫಲಿತಾಂಶ ಬಂತು, ನಿಫ್ಟಿ ಶೇ 5.93ರಷ್ಟು ಕುಸಿಯಿತು. ನಮ್ಮ ಪೋರ್ಟ್‌ಫೋಲಿಯೊದ 60 ಲಕ್ಷದ ಭಾಗಕ್ಕೆ ಈ ಪೆಟ್ಟು ಬಿದ್ದಿದ್ದರೆ, ಚಿನ್ನ ಕದಲಲಿಲ್ಲ ಎಂದುಕೊಂಡರೂ ನಷ್ಟ 3,55,800 ರೂಪಾಯಿ. ಶೇ 99ರ ವಿಎಆರ್‌ಗಿಂತ ಎರಡು ಪಟ್ಟು ಹೆಚ್ಚು.

ಸಿಗ್ಮಾ ಶೇ 1.0 ಎಂದು ನಂಬಿ ಕುಳಿತವರಿಗೆ ಇದು 5.93 ಸಿಗ್ಮಾದ ಘಟನೆ. ನಾರ್ಮಲ್ ಕೋಷ್ಟಕದ ಪ್ರಕಾರ ಇಷ್ಟು ದೊಡ್ಡ ಕುಸಿತ ಸುಮಾರು 66 ಕೋಟಿ ವಹಿವಾಟು ದಿನಗಳಿಗೊಮ್ಮೆ ಬರಬೇಕು. ವರ್ಷಕ್ಕೆ 250 ದಿನವೆಂದರೆ 26 ಲಕ್ಷ ವರ್ಷಗಳಿಗೊಮ್ಮೆ. ಇದಕ್ಕಿಂತ ದೊಡ್ಡ ಕುಸಿತಗಳನ್ನು 2020ರ ಮಾರ್ಚ್‌ ತಿಂಗಳೊಂದರಲ್ಲೇ ನಾವು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ. ಮಾರ್ಚ್ 23ರಂದು ನಿಫ್ಟಿ ಸುಮಾರು ಶೇ 13ರಷ್ಟು ಬಿದ್ದಿತ್ತು.

ಈಗ ಸಿಗ್ಮಾವನ್ನು ಬೇರೆ ರೀತಿ ಅಳೆಯೋಣ. ರಿಸ್ಕ್‌ಮೆಟ್ರಿಕ್ಸ್ ಬಳಸಿದ ಕ್ರಮದಲ್ಲಿ ಇಂದಿನ ವಿಚರಣೆ, ಅಂದರೆ ಸಿಗ್ಮಾದ ವರ್ಗ, ನಿನ್ನೆಯ ವಿಚರಣೆಯ ಶೇ 94 ಭಾಗ ಮತ್ತು ಇಂದಿನ ಪ್ರತಿಫಲದ ವರ್ಗದ ಶೇ 6 ಭಾಗ ಸೇರಿದ್ದು. ಇದಕ್ಕೆ ಇಡಬ್ಲ್ಯುಎಂಎ ಎಂದು ಹೆಸರು. ಸಿಗ್ಮಾ ಶೇ 1.0ರಿಂದ ಹೊರಟು ಎರಡು ದಿನ ನಡೆದು ನೋಡೋಣ:

ಜೂನ್ 3 ಸಂಜೆ: 0.94 × 1.00 + 0.06 × 3.25² = 1.574, ಸಿಗ್ಮಾ ಶೇ 1.25

ಜೂನ್ 4 ಸಂಜೆ: 0.94 × 1.574 + 0.06 × 5.93² = 3.59, ಸಿಗ್ಮಾ ಶೇ 1.89

ಇದೇ ಎರಡು ದಿನಗಳನ್ನು 250 ದಿನಗಳ ಸಮತೂಕದ ಸರಾಸರಿಗೆ ಸೇರಿಸಿದರೆ ಸಿಗ್ಮಾ ಮೊದಲ ಸಂಜೆ ಶೇ 1.02, ಎರಡನೆಯ ಸಂಜೆ ಶೇ 1.08. ಮಾರುಕಟ್ಟೆ ನಡುಗುತ್ತಿದ್ದರೂ ಅಳತೆಯ ಕಡ್ಡಿ ಅಲುಗಿಲ್ಲ. 60 ಲಕ್ಷದ ನಿಫ್ಟಿ ಭಾಗಕ್ಕೆ ಜೂನ್ 5ರ ಬೆಳಿಗ್ಗೆ ಒಂದು ಕ್ರಮ 1.51 ಲಕ್ಷ ಎನ್ನುತ್ತದೆ, ಇನ್ನೊಂದು 2.64 ಲಕ್ಷ ಎನ್ನುತ್ತದೆ. ಎರಡೂ 'ನಾರ್ಮಲ್ ಪ್ಯಾರಾಮೆಟ್ರಿಕ್ ವಿಎಆರ್' ಎಂದೇ ಕರೆಸಿಕೊಳ್ಳುತ್ತವೆ. ಜೂನ್ 5ರಂದು ನಿಫ್ಟಿ ಮತ್ತೆ ಶೇ 3.36ರಷ್ಟು ಜಿಗಿಯಿತು. ಅದು ಏರಿಕೆಯಾದರೂ, ಏರಿಳಿತದ ಗಾತ್ರವನ್ನು ಯಾವ ಕಡ್ಡಿ ಸರಿಯಾಗಿ ಅಳೆದಿತ್ತು ಎಂಬುದಕ್ಕೆ ಸಾಕ್ಷಿ ಅಷ್ಟೇ ಸಾಕು.

ಇಡಬ್ಲ್ಯುಎಂಎ ಜೂನ್ 3ರ ಏರಿಕೆಯನ್ನೂ ಎಚ್ಚರಿಕೆಯೆಂದೇ ಓದಿತ್ತು ಎಂಬುದನ್ನು ಗಮನಿಸಬೇಕು. ಪ್ರತಿಫಲವನ್ನು ವರ್ಗ ಮಾಡುವುದರಿಂದ ಅದಕ್ಕೆ ಏರು, ಇಳಿ ಎಂಬ ಭೇದವಿಲ್ಲ. ಆದರೂ ಅದು ಜೂನ್ 4ನ್ನು ಮುಂಚಿತವಾಗಿ ಹೇಳಲಿಲ್ಲ. 5.93ನ್ನು 1.25ರಿಂದ ಭಾಗಿಸಿದರೆ 4.7 ಸಿಗ್ಮಾ, ನಾರ್ಮಲ್ ಲೆಕ್ಕದಲ್ಲಿ ಅದೂ ಅಸಾಧ್ಯಕ್ಕೆ ಸಮೀಪದ್ದೇ. ಸಿಗ್ಮಾ ಸರಿಪಡಿಸಿದರೆ ಸಮಸ್ಯೆಯ ಒಂದು ಭಾಗ ಹೋಗುತ್ತದೆ, ಬಾಲದ, ಅಂದರೆ ಅಪರೂಪದ ದೊಡ್ಡ ಏರಿಳಿತಗಳ, ಸಮಸ್ಯೆ ಉಳಿಯುತ್ತದೆ.

ಐತಿಹಾಸಿಕ ವಿಧಾನ ಇಲ್ಲಿ ಉಳಿಸುತ್ತಿತ್ತೇ? ಇಲ್ಲ. ಜೂನ್ 2024ಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ನಿಫ್ಟಿ ಒಂದೇ ದಿನದಲ್ಲಿ ಶೇ 3ರಷ್ಟು ಬಿದ್ದದ್ದೇ ಇರಲಿಲ್ಲ. 500 ದಿನಗಳ ಕಿಟಕಿಯಲ್ಲಿ ಇಲ್ಲದ ಕುಸಿತವನ್ನು ಆ ವಿಧಾನ ಎಲ್ಲಿಂದ ತರಬೇಕು? ವಿತರಣೆಯ ಆಕಾರದ ಬಗ್ಗೆ ಯಾವ ಊಹೆಯನ್ನೂ ಮಾಡುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಆದರೆ 'ನಾಳೆ ಈ ಕಿಟಕಿಯ ಒಳಗಿನ ಯಾವುದೋ ಒಂದು ದಿನದಂತಿರುತ್ತದೆ' ಎಂಬುದೂ ಊಹೆಯೇ, ಮತ್ತು ಸಣ್ಣ ಊಹೆಯಲ್ಲ. ಅದರ ಇನ್ನೊಂದು ವಿಚಿತ್ರವೆಂದರೆ, ದೊಡ್ಡ ಕುಸಿತದ ದಿನ ಕಿಟಕಿಯಿಂದ ಹೊರಬಿದ್ದ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಏನೂ ಬದಲಾಗದಿದ್ದರೂ ವಿಎಆರ್ ತಟಕ್ಕನೆ ಇಳಿಯುತ್ತದೆ.

ಬಾಲ: ಶೇ 95ರಲ್ಲಿ ಕಾಣದು, ಶೇ 99ರಲ್ಲಿ ಕಚ್ಚುತ್ತದೆ

ಷೇರು ಪ್ರತಿಫಲಗಳ ಬಾಲ ನಾರ್ಮಲ್‌ಗಿಂತ ದಪ್ಪ. ಹಾಗೆಂದರೆ ಸೂತ್ರ ಎಲ್ಲ ಮಟ್ಟದಲ್ಲೂ ಅಪಾಯವನ್ನು ಕಡಿಮೆ ಹೇಳುತ್ತದೆ ಎಂದು ಹಲವರು ತಿಳಿಯುತ್ತಾರೆ. ಅದು ನಿಜವಲ್ಲ. ಒಂದೇ ಸಿಗ್ಮಾ ಇರುವ ಎರಡು ವಿತರಣೆಗಳನ್ನು ಪಕ್ಕಪಕ್ಕದಲ್ಲಿಡೋಣ: ಒಂದು ನಾರ್ಮಲ್, ಇನ್ನೊಂದು 4 ಸ್ವಾತಂತ್ರ್ಯಮಾನಗಳ ಸ್ಟೂಡೆಂಟ್ ಟಿ. ಟಿ ವಿತರಣೆಯ ಬಾಲ ದಪ್ಪ, ದೈನಂದಿನ ಷೇರು ಪ್ರತಿಫಲಗಳಿಗೆ ಹೆಚ್ಚು ಹತ್ತಿರ.

| ಮಟ್ಟ | ನಾರ್ಮಲ್ | ಟಿ (4) |
|---|---|---|
| ಶೇ 95 | 1.64 σ | 1.51 σ |
| ಶೇ 99 | 2.33 σ | 2.65 σ |
| ಶೇ 99.9 | 3.09 σ | 5.07 σ |

ಶೇ 95ರಲ್ಲಿ ನಾರ್ಮಲ್ ಸೂತ್ರ ಅಪಾಯವನ್ನು ಹೆಚ್ಚಾಗಿಯೇ ಹೇಳುತ್ತಿದೆ! ಶೇ 99ರಲ್ಲಿ ನಿಜವಾದ ಗಡಿ ಅದು ಹೇಳಿದ್ದಕ್ಕಿಂತ ಶೇ 14ರಷ್ಟು ಆಚೆ ಇದೆ. ಶೇ 99.9ಕ್ಕೆ ಹೋದರೆ ವ್ಯತ್ಯಾಸ ಶೇ 60 ದಾಟುತ್ತದೆ. ದಪ್ಪ ಬಾಲದ ವಿತರಣೆಯಲ್ಲಿ ತೀರಾ ಶಾಂತ ದಿನಗಳೂ ಹೆಚ್ಚು, ತೀರಾ ಕೆಟ್ಟ ದಿನಗಳೂ ಹೆಚ್ಚು. ನಡುವಿನ ಸಾಧಾರಣ ಕೆಟ್ಟ ದಿನಗಳು ಕಡಿಮೆ. ಆದ್ದರಿಂದ 'ನಾರ್ಮಲ್ ವಿಎಆರ್ ಸರಿಯೇ?' ಎಂದು ಕೇಳುವವರನ್ನು 'ಯಾವ ಮಟ್ಟಕ್ಕೆ?' ಎಂದು ಮರುಪ್ರಶ್ನೆ ಮಾಡದೆ ಉತ್ತರಿಸಲಾಗದು. ದಿನನಿತ್ಯದ ಮಿತಿ ಕಾಯಲು ಶೇ 95ರ ಸೂತ್ರ ಸಾಕು. ಎಷ್ಟು ಬಂಡವಾಳ ಪಕ್ಕಕ್ಕಿಡಬೇಕು ಎಂದು ನಿರ್ಧರಿಸಲು ಶೇ 99.9ರ ನಾರ್ಮಲ್ ಸಂಖ್ಯೆಯನ್ನು ಬಳಸುವುದು ಹೊಣೆಗೇಡಿತನ.

ನಮ್ಮಲ್ಲಿ ಇದನ್ನು ಬಹಳ ಮುಂಚೆಯೇ ಅರಿತವರಿದ್ದರು. ಸೂಚ್ಯಂಕ ಫ್ಯೂಚರ್ಸ್ ಆರಂಭಕ್ಕೆ ಮುನ್ನ ಅಪಾಯ ನಿಯಂತ್ರಣದ ಕ್ರಮ ಸೂಚಿಸಲು ಸೆಬಿ ನೇಮಿಸಿದ್ದ ಪ್ರೊ. ಜೆ.ಆರ್. ವರ್ಮ ಅಧ್ಯಕ್ಷತೆಯ ಸಮಿತಿ 1998ರಲ್ಲಿ ವರದಿ ಕೊಟ್ಟಿತು. ಏರಿಳಿತವನ್ನು 0.94ರ ಇಡಬ್ಲ್ಯುಎಂಎ ಕ್ರಮದಲ್ಲಿ ಅಳೆದು, ಶೇ 99ರ ರಕ್ಷಣೆಗಾಗಿ ನಾರ್ಮಲ್ ಕೋಷ್ಟಕದ ಗುಣಕವನ್ನು ಬಿಟ್ಟು 3 ಸಿಗ್ಮಾ ಮಾರ್ಜಿನ್ ಇಡುವಂತೆ ಅದು ಸೂಚಿಸಿತು. ಸೂತ್ರದ ಸರಳತೆಯನ್ನು ಉಳಿಸಿಕೊಂಡು ಗುಣಕವನ್ನು ಮಾತ್ರ ಬಾಲಕ್ಕೆ ತಕ್ಕಂತೆ ಎಳೆದ ಈ ಪರಿಹಾರ ನನಗೆ ತುಂಬ ಮೆಚ್ಚುಗೆಯಾದದ್ದು. ನೇರ ಹೂಡಿಕೆಗಳಷ್ಟೇ ಇರುವ ಪೋರ್ಟ್‌ಫೋಲಿಯೊಗೆ ಇವತ್ತಿಗೂ ನಾನು ಮೊದಲು ಸೂಚಿಸುವುದು ಇದನ್ನೇ: ವೇಗವಾಗಿ ಹೊಂದಿಕೊಳ್ಳುವ ಸಿಗ್ಮಾ, ಅದರ ಮೇಲೆ 2.33ರ ಬದಲು 3.

ವಿಎಆರ್ ದಾಟಿದ ದಿನ ಸರಾಸರಿ ಎಷ್ಟು ನಷ್ಟ ಎಂಬುದು ಬೇರೆಯೇ ಪ್ರಶ್ನೆ. ನಾರ್ಮಲ್‌ನಲ್ಲಿ ಶೇ 99ರ ಗಡಿ ದಾಟಿದ ನಷ್ಟಗಳ ಸರಾಸರಿ 2.67 ಸಿಗ್ಮಾ, ಅಂದರೆ ಗಡಿಗಿಂತ ಶೇ 15ರಷ್ಟು ಮಾತ್ರ ಆಚೆ. ಮೇಲಿನ ಟಿ ವಿತರಣೆಯಲ್ಲಿ ಅದು 3.69 ಸಿಗ್ಮಾ, ತನ್ನ ಗಡಿಗಿಂತ ಶೇ 39ರಷ್ಟು ಆಚೆ. ಬ್ಯಾಂಕುಗಳಿಗಾಗಿರುವ ಬಾಸೆಲ್ ನಿಯಮಗಳು ಮಾರುಕಟ್ಟೆ ಅಪಾಯದ ಬಂಡವಾಳಕ್ಕೆ ವಿಎಆರ್ ಬಿಟ್ಟು ಈ ಸರಾಸರಿಯ ಕಡೆ, ಅಂದರೆ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್ ಕಡೆ, ತಿರುಗಿದ್ದು ಬಾಲದ ಆಳವನ್ನು ವಿಎಆರ್ ತೋರಿಸುವುದಿಲ್ಲ ಎಂಬ ಕಾರಣಕ್ಕೆ.

ಸಹಸಂಬಂಧ ಕೈಬಿಡುವ ದಿನ

ಚಿನ್ನ ಷೇರಿಗೆ ಆಸರೆ ಎಂಬ ನಂಬಿಕೆಯ ಮೇಲೆ ನಮ್ಮ ಪೋರ್ಟ್‌ಫೋಲಿಯೊದ ಆ 49,000 ರೂಪಾಯಿಯ ಉಳಿತಾಯ ನಿಂತಿದೆ. 2020ರ ಮಾರ್ಚ್ ಮಧ್ಯಭಾಗದಲ್ಲಿ ಷೇರುಗಳು ಬೀಳುತ್ತಿರುವಾಗಲೇ ಚಿನ್ನವೂ ಒಂದು ಔನ್ಸ್‌ಗೆ 1,700 ಡಾಲರ್ ಆಸುಪಾಸಿನಿಂದ 1,500 ಡಾಲರ್ ಕೆಳಗೆ ಇಳಿಯಿತು. ಚಿನ್ನದ ಮೇಲೆ ನಂಬಿಕೆ ಹೋದದ್ದಕ್ಕಲ್ಲ. ಷೇರುಗಳ ಮೇಲಿನ ಮಾರ್ಜಿನ್ ಕರೆಗೆ ನಗದು ಬೇಕಿತ್ತು, ಮಾರಿದರೆ ಕೂಡಲೇ ಹಣ ಬರುವ ಆಸ್ತಿಯನ್ನು ಜನ ಮಾರಿದರು.

ಸಹಸಂಬಂಧವನ್ನು 0.1ರಿಂದ 0.8ಕ್ಕೆ ಏರಿಸಿ, ಬೇರೇನನ್ನೂ ಮುಟ್ಟದೆ ಲೆಕ್ಕ ಮಾಡಿದರೆ ನಮ್ಮ ವಿಎಆರ್ 1.65 ಲಕ್ಷದಿಂದ 2.04 ಲಕ್ಷಕ್ಕೆ ಹೋಗುತ್ತದೆ. ವೈವಿಧ್ಯದ ಲಾಭದಲ್ಲಿ ಉಳಿಯುವುದು ಸುಮಾರು 10,000 ರೂಪಾಯಿ. ಇಂಥ ದಿನ ಸಿಗ್ಮಾಗಳೂ ಒಟ್ಟಿಗೇ ಏರಿರುತ್ತವೆ ಎಂಬುದನ್ನು ಮರೆಯಬಾರದು. ಇದಕ್ಕೆ ವಿಧಾನ ಬದಲಿಸುವ ಅಗತ್ಯವಿಲ್ಲ. ಪ್ರತಿ ವರದಿಯಲ್ಲೂ ಎರಡು ಸಂಖ್ಯೆ ಬರೆಯಿರಿ: ಅಳೆದ ಸಹಸಂಬಂಧದ್ದು ಒಂದು, ಎಲ್ಲವೂ ಒಟ್ಟಿಗೆ ಬಿದ್ದರೆ ಎಂಬುದರದ್ದು ಇನ್ನೊಂದು. ಎರಡರ ಅಂತರ ದೊಡ್ಡದಿದ್ದಷ್ಟೂ ನಿಮ್ಮ ರಕ್ಷಣೆ ಬರೀ ಸಹಸಂಬಂಧದ ಮೇಲೆ ನಿಂತಿದೆ ಎಂದರ್ಥ.

ಆಪ್ಷನ್: ಇಲ್ಲಿ ಸೂತ್ರ ಪೂರ್ತಿ ಕುರುಡು

ಇಲ್ಲಿಯವರೆಗಿನ ದೋಷಗಳು ಶೇ 20, ಶೇ 60, ಹೆಚ್ಚೆಂದರೆ ಎರಡು ಪಟ್ಟಿನವು. ಆಪ್ಷನ್ ಮಾರಿದವರ ಪೋರ್ಟ್‌ಫೋಲಿಯೊದಲ್ಲಿ ದೋಷ ಎಪ್ಪತ್ತು ಪಟ್ಟು ಆಗಬಹುದು. ಪ್ರತಿಫಲಗಳು ಪರಿಪೂರ್ಣವಾಗಿ ನಾರ್ಮಲ್ ಆಗಿದ್ದರೂ ಆಗಬಹುದು. ಈ ಮಾತನ್ನು ಲೆಕ್ಕದಲ್ಲೇ ನೋಡಬೇಕು.

ನಿಫ್ಟಿ 24,000ದಲ್ಲಿದೆ. ಮುಕ್ತಾಯಕ್ಕೆ ಒಂದು ವಾರ ಇರುವ 24,000ದ ಕಾಲ್ ಮತ್ತು ಪುಟ್ ಎರಡನ್ನೂ, 750 ಯೂನಿಟ್‌ಗಳಷ್ಟು, ಒಬ್ಬರು ಮಾರಿದ್ದಾರೆ. ಇದನ್ನು ಶಾರ್ಟ್ ಸ್ಟ್ರ್ಯಾಡಲ್ ಎನ್ನುತ್ತಾರೆ. ಸೂಚಿತ ಏರಿಳಿತ, ಅಂದರೆ ಆಪ್ಷನ್ ಬೆಲೆಯಲ್ಲೇ ಅಡಗಿರುವ ಏರಿಳಿತದ ಅಂದಾಜು, ವರ್ಷಕ್ಕೆ ಶೇ 13 ಎಂದರೆ ಎರಡೂ ಸೇರಿ ಯೂನಿಟ್‌ಗೆ ಸುಮಾರು 345 ರೂಪಾಯಿ ಪ್ರೀಮಿಯಂ, ಒಟ್ಟು 2.6 ಲಕ್ಷದಷ್ಟು ಕೈಗೆ ಬಂದಿದೆ.

ಪ್ಯಾರಾಮೆಟ್ರಿಕ್ ವಿಧಾನ ಆಪ್ಷನ್ನನ್ನು ಅದರ ಡೆಲ್ಟಾದಿಂದ ಬದಲಿಸುತ್ತದೆ: ಆಪ್ಷನ್ ಎಂದರೆ ಇಷ್ಟು ಡೆಲ್ಟಾ ನಿಫ್ಟಿಗೆ ಸಮ ಎಂದು ಹಿಡಿಯುತ್ತದೆ. ಕಾಲ್‌ನ ಡೆಲ್ಟಾ ಸುಮಾರು ಅರ್ಧ, ಪುಟ್‌ನದ್ದು ಸುಮಾರು ಋಣ ಅರ್ಧ. ಎರಡೂ ಒಂದನ್ನೊಂದು ಹೊಡೆದುಹಾಕಿ ಉಳಿಯುವುದು 0.007ರಷ್ಟು. ಇದನ್ನು ಸೂತ್ರಕ್ಕೆ ಹಾಕಿದರೆ, ಸಿಗ್ಮಾ ಶೇ 1 ಎಂದಾಗ, ಶೇ 99ರ ವಿಎಆರ್ ಸುಮಾರು 3,000 ರೂಪಾಯಿ. ಅಪಾಯವೇ ಇಲ್ಲ ಎನ್ನುವಷ್ಟು ಸಣ್ಣ ಸಂಖ್ಯೆ.

ಈಗ ನಿಜವಾಗಿ ಮರುಬೆಲೆ ಕಟ್ಟೋಣ. ಸ್ಟ್ರ್ಯಾಡಲ್ ಮಾರಿದವರಿಗೆ ಏರಿದರೂ ನಷ್ಟ, ಇಳಿದರೂ ನಷ್ಟ. ಹಾಗಾಗಿ ಶೇ 99ರ ಗಡಿ ಎರಡೂ ಕಡೆಯ 2.58 ಸಿಗ್ಮಾದಲ್ಲಿ ಸಿಗುತ್ತದೆ, ಅಂದರೆ ಸುಮಾರು 620 ಅಂಶಗಳ ಚಲನೆ. ನಿಫ್ಟಿ ಒಂದು ದಿನದಲ್ಲಿ ಅಷ್ಟು ಇಳಿದರೆ, ಸೂಚಿತ ಏರಿಳಿತ ಬದಲಾಗದಿದ್ದರೆ, ಪುಟ್‌ನ ಬೆಲೆ 630ರ ಆಸುಪಾಸು, ಕಾಲ್‌ನದ್ದು ಹತ್ತರ ಆಸುಪಾಸು. ಒಟ್ಟು 640. ನಷ್ಟ ಯೂನಿಟ್‌ಗೆ 295 ರೂಪಾಯಿ, 750 ಯೂನಿಟ್‌ಗೆ 2.2 ಲಕ್ಷ. ಸೂತ್ರ ಹೇಳಿದ್ದು ಮೂರು ಸಾವಿರ. ಇಂಥ ದಿನ ಸೂಚಿತ ಏರಿಳಿತವೂ ಏರುವುದರಿಂದ ನಿಜವಾದ ನಷ್ಟ ಇನ್ನೂ ಹೆಚ್ಚೇ ಇರುತ್ತದೆ.

ತಪ್ಪಿದ್ದು ನಾರ್ಮಲ್ ಊಹೆಯಲ್ಲ. ನಾವು ಬಳಸಿದ 2.58 ಕೂಡ ನಾರ್ಮಲ್ ಕೋಷ್ಟಕದ್ದೇ. ತಪ್ಪಿದ್ದು ಸರಳರೇಖೆಯ ಊಹೆ. ಪೋರ್ಟ್‌ಫೋಲಿಯೊದ ಬೆಲೆ ನಿಫ್ಟಿಯ ಜೊತೆ ನೇರ ಗೆರೆಯಲ್ಲಿ ಬದಲಾಗುತ್ತದೆ ಎಂದು ಸೂತ್ರ ನಂಬುತ್ತದೆ, ಸ್ಟ್ರ್ಯಾಡಲ್‌ನ ಬೆಲೆ ಬಾಗಿದ ಗೆರೆಯಲ್ಲಿ ಬದಲಾಗುತ್ತದೆ. ಆ ಬಾಗಿಗೆ ಗ್ಯಾಮಾ ಎಂದು ಹೆಸರು. ಗ್ಯಾಮಾ ಪದವನ್ನು ಸೂತ್ರಕ್ಕೆ ಸೇರಿಸುವ ರೂಢಿಯೂ ಇದೆ. ಅದು ಸೊನ್ನೆಗಿಂತ ಎಷ್ಟೋ ವಾಸಿ. ಆದರೆ ಮುಕ್ತಾಯ ಹತ್ತಿರವಿದ್ದಾಗ ಗ್ಯಾಮಾ ತಾನೇ ವೇಗವಾಗಿ ಬದಲಾಗುವುದರಿಂದ ದೊಡ್ಡ ಚಲನೆಗೆ ಅದರ ಅಂದಾಜೂ ಸರಿಹೋಗುವುದಿಲ್ಲ. ಆಪ್ಷನ್ ಮಾರಿದ ಪೋರ್ಟ್‌ಫೋಲಿಯೊಗೆ ಪೂರ್ಣ ಮರುಬೆಲೆ ಕಟ್ಟುವುದೊಂದೇ ಗೌರವದ ದಾರಿ.

ಮಾಂಟೆ ಕಾರ್ಲೊ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ನೇರ ಹೂಡಿಕೆಗಳಿರುವ ಪೋರ್ಟ್‌ಫೋಲಿಯೊಗೆ ನಾರ್ಮಲ್ ಸಂಖ್ಯೆಗಳನ್ನೇ ಹುಟ್ಟಿಸಿ ಮಾಂಟೆ ಕಾರ್ಲೊ ಓಡಿಸಿದರೆ ಬರುವ ಉತ್ತರ ಸೂತ್ರದ ಉತ್ತರವೇ, ಜೊತೆಗೆ ಸ್ವಲ್ಪ ಗದ್ದಲ. 10,000 ಸನ್ನಿವೇಶಗಳಿಗೆ ಶೇ 99ರ ವಿಎಆರ್‌ನಲ್ಲಿ ಆ ಗದ್ದಲದ ಮಾನಕ ದೋಷ ಸುಮಾರು ಶೇ 1.6. ಸಾವಿರಾರು ಸನ್ನಿವೇಶಗಳನ್ನು ಓಡಿಸಿ, ಒಂದು ಸಾಲಿನ ಸೂತ್ರ ಕೊಡುವುದನ್ನೇ ಒರಟಾಗಿ ಪಡೆದಂತೆ. ಅದಕ್ಕೆ ಬೆಲೆ ಬರುವುದು ಎರಡೇ ಸಂದರ್ಭದಲ್ಲಿ: ಬಾಗಿದ ಬೆಲೆಗಳಿದ್ದಾಗ, ಅಥವಾ ನಾರ್ಮಲ್ ಅಲ್ಲದ ವಿತರಣೆಯನ್ನು ನೀವೇ ಆರಿಸಿ ಕೊಟ್ಟಾಗ.

ಹಾಗಾದರೆ ಆಯ್ಕೆ

ಪೋರ್ಟ್‌ಫೋಲಿಯೊದಲ್ಲಿ ದಿನವೂ ವಹಿವಾಟಾಗುವ ಷೇರು, ಇಟಿಎಫ್, ಫ್ಯೂಚರ್ಸ್ ಮಾತ್ರ ಇದ್ದು, ಒಂದು ದಿನದ ಶೇ 95ರ ಅಂದಾಜು ಬೇಕಿದ್ದರೆ ಇಡಬ್ಲ್ಯುಎಂಎ ಸಿಗ್ಮಾದ ಪ್ಯಾರಾಮೆಟ್ರಿಕ್ ವಿಎಆರ್ ಆರಿಸಿ, ಬೇರೇನೂ ಬೇಡ. ಅದೇ ಪೋರ್ಟ್‌ಫೋಲಿಯೊಗೆ ಶೇ 99 ಬೇಕಿದ್ದರೆ ಗುಣಕವನ್ನು 3ಕ್ಕೆ ಏರಿಸಿ. ಸ್ವಲ್ಪ ಹೆಚ್ಚು ಶ್ರಮಕ್ಕೆ ಸಿದ್ಧರಿದ್ದರೆ ಹಳೆಯ ಪ್ರತಿ ದಿನದ ಪ್ರತಿಫಲವನ್ನು ಆ ದಿನದ ಸಿಗ್ಮಾದಿಂದ ಭಾಗಿಸಿ, ಇಂದಿನ ಸಿಗ್ಮಾದಿಂದ ಗುಣಿಸಿ, ಆಮೇಲೆ ಐತಿಹಾಸಿಕ ವಿಧಾನ ಬಳಸಿ. ಆಗ ಬಾಲದ ಆಕಾರ ಇತಿಹಾಸದಿಂದ ಬರುತ್ತದೆ, ಏರಿಳಿತದ ಮಟ್ಟ ಇಂದಿನದಾಗಿರುತ್ತದೆ. ಆಪ್ಷನ್ ಕೊಂಡಿದ್ದರೆ ಸೂತ್ರ ಸಾಮಾನ್ಯವಾಗಿ ಅಪಾಯವನ್ನು ಹೆಚ್ಚಾಗಿ ಹೇಳುತ್ತದೆ, ಅಷ್ಟು ಹಾನಿಯಿಲ್ಲ. ಮಾರಿದ್ದರೆ ಸೂತ್ರವನ್ನು ಮುಟ್ಟಲೇಬೇಡಿ.

ಹತ್ತು ದಿನದ ವಿಎಆರ್ ಬೇಕೆಂದಾಗ ಒಂದು ದಿನದ ಸಂಖ್ಯೆಯನ್ನು √10, ಅಂದರೆ 3.16ರಿಂದ ಗುಣಿಸುವುದು ರೂಢಿ. ನಮ್ಮ 1.65 ಲಕ್ಷ 5.2 ಲಕ್ಷವಾಗುತ್ತದೆ. ದಿನಗಳು ಪರಸ್ಪರ ಸ್ವತಂತ್ರ, ಸಿಗ್ಮಾ ಸ್ಥಿರ ಎಂದಿದ್ದರೆ ಮಾತ್ರ ಇದು ಸರಿ. ಇಂದು ಸಿಗ್ಮಾ ವಾಡಿಕೆಗಿಂತ ಬಹಳ ಕಡಿಮೆಯಿದ್ದರೆ ಈ ಗುಣಾಕಾರ ಅಪಾಯವನ್ನು ಕುಗ್ಗಿಸುತ್ತದೆ, ಬಹಳ ಹೆಚ್ಚಿದ್ದರೆ ಹಿಗ್ಗಿಸುತ್ತದೆ.

ಕಾರ್ಪೊರೇಟ್ ಬಾಂಡ್‌ಗಳಿಗೆ ಮೂರರಲ್ಲಿ ಯಾವುದೂ ನೆರವಾಗದು. ಮೂಲಸೌಕರ್ಯಕ್ಕೆ ಹಣ ಒದಗಿಸುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ 2018ರ ಸೆಪ್ಟೆಂಬರ್‌ನಲ್ಲಿ ಸಾಲ ತೀರಿಸಲಾರದೆ 'ಡಿ' ದರ್ಜೆಗೆ ಬಿತ್ತು. ಕೆಲವೇ ತಿಂಗಳ ಹಿಂದೆ ಅದರ ದರ್ಜೆ 'ಎಎಎ' ಆಗಿತ್ತು. ಅಂಥ ಬಾಂಡಿನ ದೈನಂದಿನ ಬೆಲೆಯಲ್ಲಿ ಸಿಗ್ಮಾ ತೀರಾ ಸಣ್ಣದು, ಬಾಲ ಅಂಕಿಅಂಶಗಳಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಅಲ್ಲಿ ನೋಡಬೇಕಾದದ್ದು ವಿಎಆರ್ ಅಲ್ಲ, ಒಬ್ಬನೇ ಸಾಲಗಾರನ ಬಳಿ ಎಷ್ಟು ಹಣ ಸಿಕ್ಕಿಕೊಂಡಿದೆ ಎಂಬುದನ್ನು.

ಯಾವುದನ್ನು ಆರಿಸಿದರೂ ಪ್ರತಿ ದಿನದ ವಿಎಆರ್ ಮತ್ತು ಮರುದಿನದ ನಿಜವಾದ ಲಾಭನಷ್ಟವನ್ನು ಎರಡು ಕಾಲಮ್‌ಗಳಲ್ಲಿ ಬರೆದಿಡಿ. ಶೇ 99ರ ವಿಎಆರ್ 250 ದಿನಗಳಲ್ಲಿ ಎರಡು ಮೂರು ಬಾರಿ ದಾಟಬೇಕು. ಬಾಸೆಲ್ ಸಮಿತಿಯ 1996ರ ಕ್ರಮದಲ್ಲಿ ನಾಲ್ಕರವರೆಗೆ ಹಸಿರು, ಐದರಿಂದ ಒಂಬತ್ತು ಹಳದಿ, ಹತ್ತು ಮತ್ತು ಮೇಲೆ ಕೆಂಪು. ಆದರೆ ಎಣಿಕೆಗಿಂತ ಹೆಚ್ಚು ಹೇಳುವುದು ಅವು ಬಿದ್ದ ರೀತಿ. ದಾಟಿದ ದಿನಗಳು ವರ್ಷದುದ್ದಕ್ಕೂ ಚದುರಿದ್ದು ಸಂಖ್ಯೆ ಮಾತ್ರ ಹೆಚ್ಚಿದ್ದರೆ ಗುಣಕ ಸಣ್ಣದಾಗಿದೆ. ಎಲ್ಲವೂ ಒಂದೆರಡು ವಾರದಲ್ಲಿ ಗುಂಪಾಗಿ ಬಂದಿದ್ದರೆ ಸಿಗ್ಮಾ ನಿಧಾನವಾಗಿದೆ, 250 ದಿನಗಳ ಸರಾಸರಿಯನ್ನು ಬಿಟ್ಟು ಇಡಬ್ಲ್ಯುಎಂಎ ಕಡೆ ಹೋಗಬೇಕು. ದಾಟಿದ್ದು ಒಂದೇ ಬಾರಿಯಾದರೂ ನಷ್ಟ ವಿಎಆರ್‌ನ ಹತ್ತಾರು ಪಟ್ಟು ಇದ್ದರೆ ಎಣಿಕೆ ಹಸಿರು ತೋರಿಸುತ್ತಲೇ ಇರುತ್ತದೆ. ಆಗ ಕೂಡಲೇ ತೆರೆದು ನೋಡಬೇಕಾದದ್ದು ಪೋರ್ಟ್‌ಫೋಲಿಯೊದಲ್ಲಿ ಮಾರಿಟ್ಟ ಆಪ್ಷನ್‌ಗಳ ಪಟ್ಟಿಯನ್ನು.